ಚಾನೆಲ್ ಹೆಸರಿನ ಹಕ್ಕು

ಯೂಟ್ಯೂಬ್‌ನಲ್ಲಿ ಒಂದೇ ಹೆಸರಿನ ಹತ್ತು ಚಾನೆಲ್‌ಗಳಿರಲು ಯಾವ ಅಡ್ಡಿಯೂ ಇಲ್ಲ. ಚಾನೆಲ್ ತೆರೆಯುವವರು ಟೈಪ್ ಮಾಡಿದ ಹೆಸರು ಈಗಾಗಲೇ ಇನ್ನೊಬ್ಬರದ್ದಾಗಿದೆಯೇ ಎಂದು ಅಲ್ಲಿ ಯಾರೂ ನೋಡುವುದಿಲ್ಲ. 2022ರಲ್ಲಿ ಬಂದ ಹ್ಯಾಂಡಲ್, ಅಂದರೆ @ ಗುರುತಿನಿಂದ ಶುರುವಾಗುವ ವಿಳಾಸ ಮಾತ್ರ ಒಂದು ಚಾನೆಲ್‌ಗೆ ಸಿಕ್ಕಿದರೆ ಮತ್ತೊಂದಕ್ಕೆ ಸಿಗದು. ಆದರೆ ಒಂದಕ್ಷರ ಹೆಚ್ಚಿಸಿದರೆ, ನಡುವೆ ಒಂದು ಗೆರೆ ಸೇರಿಸಿದರೆ ಅದಕ್ಕೆ ಹತ್ತಿರದ ಹ್ಯಾಂಡಲ್ ಯಾರಿಗಾದರೂ ಸಿಗುತ್ತದೆ. ಒಂದು ಲಕ್ಷ ಚಂದಾದಾರರಾದ ಮೇಲೆ ಅರ್ಜಿ ಹಾಕಿ ಪಡೆಯುವ ಟಿಕ್ ಗುರುತೂ ಹೆಸರಿನ ಮೇಲೆ ಕಾನೂನಿನ ಹಕ್ಕು ಕೊಡುವುದಿಲ್ಲ.

ಕೃತಿಸ್ವಾಮ್ಯವೂ ಇಲ್ಲಿ ನೆರವಿಗೆ ಬರುವುದಿಲ್ಲ. ವೀಡಿಯೊ, ಚಿತ್ರ, ಸಂಗೀತಕ್ಕೆ ಕೃತಿಸ್ವಾಮ್ಯ ಉಂಟು, ಶೀರ್ಷಿಕೆಗೆ ಇಲ್ಲ. ‘ದೇಸಿ ಬಾಯ್ಸ್’ ಎಂಬ ಸಿನಿಮಾ ಹೆಸರಿನ ಜಗಳದಲ್ಲಿ ಸುಪ್ರೀಂ ಕೋರ್ಟ್ 2015ರಲ್ಲಿ ಇದನ್ನು ಸ್ಪಷ್ಟಪಡಿಸಿತು. ಹಾಗಾಗಿ ಚಾನೆಲ್ ಹೆಸರನ್ನು ಕಾಯುವ ಕಾನೂನು ಟ್ರೇಡ್‌ಮಾರ್ಕ್ ಕಾನೂನು. ಭಾರತದಲ್ಲಿ ಅದು 1999ರ ಟ್ರೇಡ್‌ಮಾರ್ಕ್ ಕಾಯ್ದೆ.

ಈ ಕಾಯ್ದೆಯಡಿ ಹೆಸರಿನ ಮೇಲೆ ಹಕ್ಕು ಹುಟ್ಟುವುದು ಎರಡು ದಾರಿಯಲ್ಲಿ. ಒಂದು, ಹೆಸರನ್ನು ಬಳಸುತ್ತ ಬಂದು ಜನ ಅದನ್ನು ನಿರ್ದಿಷ್ಟ ಒಬ್ಬರ ಜೊತೆ ಗುರುತಿಸುವಂತಾಗುವುದು. ಇನ್ನೊಂದು, ನೋಂದಣಿ. ನೋಂದಣಿಯಿಲ್ಲದ ಹೆಸರಿಗೂ ರಕ್ಷಣೆ ಇದೆ; ವಕೀಲರು ಅದನ್ನು ‘ಪಾಸಿಂಗ್ ಆಫ್’ ದಾವೆ ಎನ್ನುತ್ತಾರೆ. ಅಲ್ಲಿ ಮೂರು ಸಂಗತಿಗಳನ್ನು ಸಾಬೀತು ಮಾಡಬೇಕು: ಹೆಸರಿಗೆ ಜನರಲ್ಲಿ ಮನ್ನಣೆ ಇದೆ, ಎದುರಾಳಿ ತನ್ನದನ್ನು ಇವರದ್ದೆಂದು ತೋರಿಸಿಕೊಂಡಿದ್ದಾನೆ, ಅದರಿಂದ ನಷ್ಟವಾಗಿದೆ ಅಥವಾ ಆಗಲಿದೆ. ನೋಂದಣಿ ಇದ್ದರೆ ಈ ಹೊರೆಯಲ್ಲಿ ಬಹುಪಾಲು ಇಳಿಯುತ್ತದೆ, ಏಕೆಂದರೆ ಪ್ರಮಾಣಪತ್ರವೇ ಹಕ್ಕಿಗೆ ಮೇಲ್ನೋಟದ ಸಾಕ್ಷಿ.

ಹೆಸರು ಎಷ್ಟು ಗಟ್ಟಿ ಎಂಬುದು ಅದನ್ನು ಇಡುವ ದಿನವೇ ಬಹುಮಟ್ಟಿಗೆ ತೀರ್ಮಾನವಾಗಿರುತ್ತದೆ. ‘ಕನ್ನಡ ಅಡುಗೆ’, ‘ಬೆಂಗಳೂರು ಸುದ್ದಿ’, ‘ರೈತ ಮಾಹಿತಿ’ ಇಂಥ ಹೆಸರುಗಳು ಚಾನೆಲ್‌ನಲ್ಲಿ ಏನಿದೆ ಎಂದು ಹೇಳುತ್ತವೆ, ಯಾರದ್ದು ಎಂದು ಹೇಳುವುದಿಲ್ಲ. ಕಾಯ್ದೆಯ 9ನೇ ಕಲಮು ಇಂಥ ವರ್ಣನೆಯ ಹೆಸರುಗಳ ನೋಂದಣಿಯನ್ನು ತಡೆಯುತ್ತದೆ. ಅಡುಗೆ ತೋರಿಸುವ ಎಲ್ಲರಿಗೂ ‘ಅಡುಗೆ’ ಎಂಬ ಮಾತು ಬೇಕು. ಅದನ್ನು ಒಬ್ಬರಿಗೇ ಬರೆದುಕೊಡುವುದು ನ್ಯಾಯವಲ್ಲ. ಆದರೂ ಹುಡುಕಾಟದಲ್ಲಿ ಬೇಗ ಸಿಗಲಿ ಎಂದು ಹೊಸಬರು ಇಂಥ ಹೆಸರನ್ನೇ ಆರಿಸುತ್ತಾರೆ. ಮುಂದೆ ಅದೇ ಹೆಸರಿಗೆ ‘ಮನೆ’, ‘ರುಚಿ’ ಅಥವಾ ‘ಟಿವಿ’ ಸೇರಿಸಿ ಇನ್ನೊಬ್ಬರು ಬಂದಾಗ ಏನೂ ಮಾಡಲಾಗದೆ ಕೂರಬೇಕಾಗುತ್ತದೆ.

ಸಾಮಾನ್ಯ ಪದಗಳ ಹೆಸರಿಗೂ ಒಂದು ಬಾಗಿಲು ತೆರೆದಿದೆ. ಬಹುಕಾಲದ ಬಳಕೆಯಿಂದ ಜನ ಆ ಹೆಸರು ಕೇಳಿದೊಡನೆ ನಿರ್ದಿಷ್ಟ ಸಂಸ್ಥೆಯನ್ನೇ ನೆನೆಯುವಂತಾದರೆ ರಕ್ಷಣೆ ದೊರೆಯುತ್ತದೆ. ಹಿಂದಿ ಸುದ್ದಿವಾಹಿನಿ ‘ಆಜ್ ತಕ್’ನ ಎರಡು ಪದಗಳೂ ದಿನಬಳಕೆಯವು. ಬಿಡಿಯಾಗಿ ಅವು ಯಾರ ಸ್ವತ್ತೂ ಅಲ್ಲ, ಆದರೆ ಆ ಜೋಡಣೆ ದೀರ್ಘ ಬಳಕೆಯಿಂದ ಗುರುತು ಗಳಿಸಿದೆ ಎಂದು ದೆಹಲಿ ಹೈಕೋರ್ಟ್ 2002ರಲ್ಲಿ ಒಪ್ಪಿತು. ಒಂದು ಸುದ್ದಿವಾಹಿನಿಯ ಪ್ರಚಾರಬಲ ಸಣ್ಣ ಚಾನೆಲ್‌ಗೆ ಇರುವುದಿಲ್ಲ ಎಂಬುದನ್ನೂ ಇಲ್ಲಿ ಮರೆಯಬಾರದು.

ಸಾಮಾನ್ಯ ಹೆಸರಿನ ಮಿತಿಯನ್ನು ತೋರಿಸುವ ಪ್ರಕರಣ ಕರ್ನಾಟಕದ್ದೇ ಇದೆ. ಕರ್ನಾಟಕ ಹಾಲು ಮಹಾಮಂಡಳ ‘ನಂದಿನಿ’ ಹೆಸರನ್ನು 1985ರಿಂದ ಬಳಸುತ್ತಿದೆ. ಬೆಂಗಳೂರಿನ ‘ನಂದಿನಿ ಡಿಲಕ್ಸ್’ ಹೋಟೆಲ್‌ಗಳು 1989ರಲ್ಲಿ ಶುರುವಾದವು. ಇಂಗ್ಲಿಷ್ ಬರಹದಲ್ಲಿ ಅವರದ್ದಕ್ಕೆ ಒಂದು ‘ಎಚ್’ ಹೆಚ್ಚು. ಹೋಟೆಲ್‌ನವರು ಆಹಾರ ಪದಾರ್ಥಗಳಿಗೆ ಹೆಸರು ನೋಂದಾಯಿಸಲು ಹೊರಟಾಗ ಮಹಾಮಂಡಳ ಆಕ್ಷೇಪಿಸಿತು. ಮೇಲ್ಮನವಿ ಮಂಡಳಿಯಲ್ಲೂ ಕರ್ನಾಟಕ ಹೈಕೋರ್ಟಿನಲ್ಲೂ ಮಹಾಮಂಡಳವೇ ಗೆದ್ದಿತು. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿತು. ನಂದಿನಿ ಎಂಬುದು ದೇವಿಯ, ಕಾಮಧೇನುವಿನ ಹೆಸರು, ಯಾರೂ ಹೊಸದಾಗಿ ಕಟ್ಟಿದ್ದಲ್ಲ. ಹಾಲಿನ ವ್ಯಾಪಾರ ಬೇರೆ, ಹೋಟೆಲ್ ಬೇರೆ. ಲಾಂಛನಗಳೂ ಬೇರೆ ಎಂದು ಹೇಳಿ, ಹಾಲು ಮತ್ತು ಹಾಲಿನ ಉತ್ಪನ್ನಗಳನ್ನು ಬಿಟ್ಟು ಉಳಿದವಕ್ಕೆ ಹೋಟೆಲ್‌ನವರ ನೋಂದಣಿಯನ್ನು ಎತ್ತಿಹಿಡಿಯಿತು. ದೇವರ ಹೆಸರು, ನದಿಯ ಹೆಸರು, ಜನರ ಹೆಸರನ್ನು ಚಾನೆಲ್‌ಗೆ ಇಟ್ಟವರು ಈ ತೀರ್ಪನ್ನು ಗಮನಿಸಬೇಕು. ತಮ್ಮ ಕ್ಷೇತ್ರದೊಳಗೆ ಅವರಿಗೆ ರಕ್ಷಣೆ ಸಿಕ್ಕೀತು, ಕ್ಷೇತ್ರದ ಆಚೆಗೆ ಅದನ್ನು ಚಾಚುವುದು ಕಷ್ಟ.

ನೋಂದಣಿ ಹೇಗೆ ನಡೆಯುತ್ತದೆ ಎಂಬುದಕ್ಕೆ ಒಂದು ಕಲ್ಪಿತ ಉದಾಹರಣೆ ನೋಡಬಹುದು. ಹುಬ್ಬಳ್ಳಿಯ ಮಹಿಳೆಯೊಬ್ಬರು ಊರೂರಿನ ಖಾನಾವಳಿಗಳಿಗೆ ಹೋಗಿ ಅಲ್ಲಿನ ಅಡುಗೆ ತೋರಿಸುವ ‘ಸೌಟುಸವಾರಿ’ ಎಂಬ ಚಾನೆಲನ್ನು 2021ರಿಂದ ನಡೆಸುತ್ತಿದ್ದಾರೆ ಎಂದಿಟ್ಟುಕೊಳ್ಳೋಣ. ಸೌಟು, ಸವಾರಿ ಎರಡೂ ಎಲ್ಲರ ಮಾತುಗಳು. ಆದರೆ ಅವುಗಳನ್ನು ಹೀಗೆ ಹೊಸೆದಿದ್ದು ಹೊಸತು. ವಿಷಯವನ್ನು ಸೂಚಿಸುತ್ತದೆಯೇ ಹೊರತು ನೇರವಾಗಿ ವರ್ಣಿಸುವುದಿಲ್ಲ. ಇಂಥ ಹೆಸರು ನೋಂದಣಿಗೆ ಒಳ್ಳೆಯದು.

ಮೊದಲ ಕೆಲಸ ಹುಡುಕಾಟ. ಟ್ರೇಡ್‌ಮಾರ್ಕ್ ಇಲಾಖೆಯ ಜಾಲತಾಣದಲ್ಲಿ ಯಾರು ಬೇಕಾದರೂ ಹುಡುಕಬಹುದು. ಅಕ್ಷರ ಹೊಂದಿಸಿ ನೋಡುವುದರ ಜೊತೆಗೆ ಉಚ್ಚಾರಣೆ ಹೋಲುವ ಹೆಸರುಗಳನ್ನು ಹುಡುಕುವ ಆಯ್ಕೆಯೂ ಅಲ್ಲಿದೆ, ಕನ್ನಡದವರಿಗೆ ಅದೇ ಮುಖ್ಯ. ನಮ್ಮ ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಬರೆಯುವುದರಿಂದ Sautu, Soutu, Savutu ಮೂರನ್ನೂ ಹಾಕಿ ನೋಡಬೇಕಾಗುತ್ತದೆ.

ಮುಂದಿನದು ವರ್ಗದ ಆಯ್ಕೆ. ಸರಕು ಮತ್ತು ಸೇವೆಗಳನ್ನು 45 ವರ್ಗಗಳಾಗಿ ವಿಂಗಡಿಸಲಾಗಿದೆ; ನೋಂದಣಿಯ ಬಲ ಮೂಲತಃ ಅರ್ಜಿಯಲ್ಲಿ ಬರೆದ ಸರಕು, ಸೇವೆಗಳಿಗೆ ಸಂಬಂಧಿಸಿದ್ದು. ಚಾನೆಲ್ ಎಂದಾಕ್ಷಣ ಕೆಲವರು ಪ್ರಸಾರಕ್ಕೆ ಮೀಸಲಾದ 38ನೇ ವರ್ಗದಲ್ಲಿ ಮಾತ್ರ ಅರ್ಜಿ ಹಾಕುತ್ತಾರೆ. ಆ ವರ್ಗ ಸಂಕೇತಗಳನ್ನು ಸಾಗಿಸುವ ಸೇವೆಯದ್ದು. ಮನರಂಜನೆ, ಶಿಕ್ಷಣ, ಆನ್‌ಲೈನ್ ವೀಡಿಯೊ ಒದಗಿಸುವಿಕೆ ಬರುವುದು 41ರಲ್ಲಿ, ಹಾಗಾಗಿ ವೀಡಿಯೊ ಮಾಡುವವರಿಗೆ ಮೊದಲು ಬೇಕಾದದ್ದು ಅದು. ನಮ್ಮ ಉದಾಹರಣೆಯ ಮಹಿಳೆ ಅದೇ ಹೆಸರಿನಲ್ಲಿ ಮಸಾಲೆಪುಡಿ ಮಾರುವ ಯೋಚನೆಯಲ್ಲಿದ್ದರೆ 30ನೇ ವರ್ಗವೂ ಬೇಕು. ಮಾರುವ ಉದ್ದೇಶವೇ ಇಲ್ಲದೆ ಇರಲಿ ಎಂದು ವರ್ಗಗಳನ್ನು ಪೇರಿಸುವುದು ವ್ಯರ್ಥ ಖರ್ಚು. ನೋಂದಣಿಯಾಗಿ ಐದು ವರ್ಷ ಬಳಸದೇ ಬಿಟ್ಟರೆ ಅದನ್ನು ತೆಗೆಸಿಹಾಕಲು ಬೇರೆಯವರು ಕೇಳಬಹುದು. ಆನ್‌ಲೈನ್ ಅರ್ಜಿಗೆ ವ್ಯಕ್ತಿಗಳು, ನವೋದ್ಯಮಗಳು ಮತ್ತು ಸಣ್ಣ ಉದ್ದಿಮೆಗಳು ಕಟ್ಟಬೇಕಾದ ಶುಲ್ಕ ವರ್ಗವೊಂದಕ್ಕೆ 4,500 ರೂಪಾಯಿ, ಉಳಿದವರಿಗೆ 9,000. ಎರಡು ವರ್ಗಗಳಿಗೆ ಈಕೆ ಕಟ್ಟುವುದು 9,000. ವಕೀಲರ ಶುಲ್ಕ ಬೇರೆ.

ಅರ್ಜಿಯ ನಮೂನೆ ಟಿಎಂ-ಎ. ಅದರಲ್ಲಿ ಎರಡು ಕಾಲಂಗಳನ್ನು ಬಹಳ ಯೋಚಿಸಿ ತುಂಬಬೇಕು. ಒಂದು, ಅರ್ಜಿದಾರರ ಹೆಸರು. ಗೆಳೆಯರಿಬ್ಬರು ಸೇರಿ ನಡೆಸುವ ಚಾನೆಲ್‌ನಲ್ಲಿ ಒಬ್ಬರು ಮಾತ್ರ ತಮ್ಮ ಹೆಸರಲ್ಲಿ ಅರ್ಜಿ ಹಾಕಿದರೆ, ನಾಳೆ ಬೇರೆಯಾದಾಗ ಇನ್ನೊಬ್ಬರ ಕೈಯಲ್ಲಿ ಕಾಗದವೇ ಇರುವುದಿಲ್ಲ. ಹೊರಗಿನ ನಕಲಿಗಳಷ್ಟೇ ಕೆಟ್ಟ ಜಗಳಗಳು ಹುಟ್ಟುವುದು ಇಂಥ ಕಡೆ, ಆದ್ದರಿಂದ ಪಾಲುದಾರಿಕೆ ಪತ್ರ ಮಾಡಿಕೊಂಡು ಅದರ ಹೆಸರಲ್ಲಿ ಅರ್ಜಿ ಹಾಕುವುದು ಕ್ಷೇಮ. ಇನ್ನೊಂದು, ಯಾವಾಗಿನಿಂದ ಬಳಕೆ ಎಂಬ ದಿನಾಂಕ. 2021ರಿಂದ ಎಂದು ಬರೆದರೆ ಅದಕ್ಕೆ ಅಫಿಡವಿಟ್ ಮತ್ತು ಪುರಾವೆ ಕೊಡಬೇಕು: ಮೊದಲ ವೀಡಿಯೊದ ದಿನಾಂಕ, ಚಾನೆಲ್ ಸ್ಟುಡಿಯೊದ ಅಂಕಿಅಂಶ, ಜಾಹೀರಾತು ಹಣ ಬಂದ ಬ್ಯಾಂಕ್ ದಾಖಲೆ. ಈ ದಿನಾಂಕದ ಬೆಲೆ ಮುಂದೆ ಗೊತ್ತಾಗುತ್ತದೆ.

ಲಿಪಿಯ ಪ್ರಶ್ನೆಯೂ ಇದೆ. ಹೆಸರನ್ನು ಕನ್ನಡ ಲಿಪಿಯಲ್ಲಿ ಕೊಟ್ಟರೆ ಅದರ ಲಿಪ್ಯಂತರ ಮತ್ತು ಅರ್ಥವನ್ನು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಸೇರಿಸಬೇಕು. ಬಣ್ಣದ ಲೋಗೊವನ್ನಷ್ಟೇ ನೋಂದಾಯಿಸುವುದಕ್ಕಿಂತ ಬರಿಯ ಪದವನ್ನು ನೋಂದಾಯಿಸುವುದು ಮೇಲು; ಲೋಗೊ ಬದಲಾದರೂ ಪದದ ಹಕ್ಕು ಉಳಿಯುತ್ತದೆ.

ಅರ್ಜಿ ಚೆನ್ನೈ ಕಚೇರಿಗೆ ಸೇರುತ್ತದೆ, ಕರ್ನಾಟಕ ಅದರ ವ್ಯಾಪ್ತಿಯಲ್ಲಿದೆ. ಪರಿಶೀಲಕರು ಆಕ್ಷೇಪ ಎತ್ತಿದರೆ ಉತ್ತರಕ್ಕೆ 30 ದಿನ. ಈ ಗಡುವು ತಪ್ಪಿದರೆ ಅರ್ಜಿ ಕೈಬಿಟ್ಟಂತೆ ಆಗುವ ಅಪಾಯವಿದೆ. ಉತ್ತರ ಒಪ್ಪಿಗೆಯಾದ ಮೇಲೆ ಹೆಸರು ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ ಪ್ರಕಟವಾಗುತ್ತದೆ. ಅಲ್ಲಿಂದ ನಾಲ್ಕು ತಿಂಗಳೊಳಗೆ ಯಾರೂ ವಿರೋಧಿಸದಿದ್ದರೆ ನೋಂದಣಿ. ಅದರ ಅವಧಿ ಅರ್ಜಿಯ ದಿನದಿಂದಲೇ ಲೆಕ್ಕ, ಹತ್ತು ವರ್ಷ, ಬಳಿಕ ಮತ್ತೆ ಮತ್ತೆ ನವೀಕರಿಸಬಹುದು. ನೋಂದಣಿಗೆ ಮೊದಲು ™ ಗುರುತು ಹಾಕಬಹುದು. ® ಹಾಕುವ ಅಧಿಕಾರ ನೋಂದಣಿಯಾದ ಮೇಲೆ ಮಾತ್ರ. ಆಗದೆಯೇ ಆಗಿದೆ ಎಂದು ತೋರಿಸುವುದು ದಂಡಕ್ಕೆ ಗುರಿಯಾಗುವ ತಪ್ಪು.

ಈ ನಡುವೆ ಬೇರೆಯವರೇ ‘ಸೌಟುಸವಾರಿ’ಯನ್ನು ಮೊದಲು ನೋಂದಾಯಿಸಿಬಿಟ್ಟರೆ? ಬಳಕೆಯ ದಿನಾಂಕ ಇಲ್ಲಿ ಕೆಲಸಕ್ಕೆ ಬರುತ್ತದೆ. ಕಾಯ್ದೆಯ 34ನೇ ಕಲಮಿನಡಿ, ಮೊದಲಿನಿಂದ ಬಳಸುತ್ತ ಬಂದವರನ್ನು ಆಮೇಲೆ ನೋಂದಾಯಿಸಿದವರು ತಡೆಯಲಾಗದು. ತಿರುನೆಲ್ವೇಲಿಯ ‘ಇರುಟ್ಟುಕಡೈ ಹಲ್ವಾ’ ಪ್ರಕರಣದಲ್ಲಿ ಇಬ್ಬರೂ ಹೆಚ್ಚುಕಡಿಮೆ ಅದೇ ಹೆಸರನ್ನು ನೋಂದಾಯಿಸಿಕೊಂಡಿದ್ದರು. ನೋಂದಣಿಗಿಂತ ಮೊದಲ ಬಳಕೆಯ ಹಕ್ಕೇ ಮೇಲು ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿತು. ಹಾಗೆಂದು ಸುಮ್ಮನಿರಬಾರದು. ಬೇರೆಯವರ ಅರ್ಜಿ ಜರ್ನಲ್‌ನಲ್ಲಿ ಕಂಡರೆ ನಾಲ್ಕು ತಿಂಗಳೊಳಗೆ 2,700 ರೂಪಾಯಿ ಕಟ್ಟಿ ಆನ್‌ಲೈನ್‌ನಲ್ಲೇ ವಿರೋಧ ಸಲ್ಲಿಸಬಹುದು. ಆ ಅವಧಿ ದಾಟಿದರೆ ನೋಂದಣಿ ರದ್ದತಿಗೆ ಅರ್ಜಿ ಹಾಕಬೇಕು, ಅದು ಇನ್ನೂ ದೂರದ ದಾರಿ.

ಇನ್ನು ಹೋಲುವ ಹೆಸರಿನ ಚಾನೆಲ್‌ಗಳ ವಿಚಾರ. ಎಷ್ಟು ಹೋಲಿದರೆ ತಪ್ಪು? ಎರಡು ಹೆಸರನ್ನು ಅಕ್ಕಪಕ್ಕ ಇಟ್ಟು ವ್ಯತ್ಯಾಸ ಎಣಿಸುವುದು ನ್ಯಾಯಾಲಯದ ಅಳತೆಯಲ್ಲ. ಒಂದನ್ನು ಹಿಂದೆಂದೋ ನೋಡಿ ಅರೆಬರೆ ನೆನಪಿಟ್ಟುಕೊಂಡ ಸಾಮಾನ್ಯ ಮನುಷ್ಯ ಇನ್ನೊಂದನ್ನು ಕಂಡಾಗ ಏಮಾರುತ್ತಾನೆಯೇ ಎಂಬುದು ಪ್ರಶ್ನೆ. ‘ಶ್ರೀ ಅಂಬಾಳ್’ ಎಂಬ ನಶ್ಯದ ವಿರುದ್ಧ ‘ಶ್ರೀ ಆಂಡಾಳ್’ ಬಂದಾಗ, ಇಬ್ಬರೂ ಬೇರೆ ಬೇರೆ ದೇವಿಯರು ಎಂಬ ವಾದ ನಡೆಯಲಿಲ್ಲ. ಕಿವಿಗೆ ಎರಡೂ ಒಂದೇ ಬಗೆಯಲ್ಲಿ ಕೇಳುತ್ತವೆ ಎಂದು ಸುಪ್ರೀಂ ಕೋರ್ಟ್ 1969ರಲ್ಲಿ ತೀರ್ಮಾನಿಸಿತು. ಫೋನ್‌ಗೆ ಹೆಸರು ಹೇಳಿ ಹುಡುಕುವ ಇಂದಿನ ವೀಕ್ಷಕರಿಗೆ ಕಿವಿಯ ಈ ಅಳತೆ ಚೆನ್ನಾಗಿ ಹೊಂದುತ್ತದೆ.

ಅಂತರ್ಜಾಲದ ಹೆಸರುಗಳಿಗೆ ದೇಶದ ಮುಖ್ಯ ತೀರ್ಪು ಹುಟ್ಟಿದ್ದು ಬೆಂಗಳೂರಿನ ಸಿಟಿ ಸಿವಿಲ್ ನ್ಯಾಯಾಲಯದ ಒಂದು ದಾವೆಯಿಂದ. ಸತ್ಯಂ ಇನ್ಫೋವೇ ಕಂಪನಿ ತನ್ನ ಹೆಸರಿನ ಅಕ್ಷರಗಳಿಂದ ‘ಸಿಫಿ’ ಎಂಬ ಪದ ಕಟ್ಟಿ 1999ರಲ್ಲಿ sifynet ಮುಂತಾದ ಡೊಮೇನ್‌ಗಳನ್ನು ಪಡೆದಿತ್ತು. 2001ರಲ್ಲಿ ಇನ್ನೊಂದು ಸಂಸ್ಥೆ siffynet ಎಂದು ಒಂದು ‘ಎಫ್’ ಹೆಚ್ಚಿಸಿ ಶುರುಮಾಡಿತು. ಅದು ತನ್ನ ಐವರು ಸ್ಥಾಪಕರ ಹೆಸರಿನ ಮೊದಲಕ್ಷರ ಎಂಬುದು ಅದರ ಸಮರ್ಥನೆ. ಸಿವಿಲ್ ನ್ಯಾಯಾಲಯ ತಡೆಯಾಜ್ಞೆ ಕೊಟ್ಟಿತು. ಹೊಸ ಸಂಸ್ಥೆ ಸಾಕಷ್ಟು ಹಣ ಹಾಕಿದೆ, ಸದಸ್ಯರನ್ನು ಸೇರಿಸಿದೆ, ಅದಕ್ಕೆ ಹೆಚ್ಚು ತೊಂದರೆಯಾಗುತ್ತದೆ ಎಂದು ಹೈಕೋರ್ಟ್ ಅದನ್ನು ತೆರವು ಮಾಡಿತು. 2004ರಲ್ಲಿ ಸುಪ್ರೀಂ ಕೋರ್ಟ್ ಹೈಕೋರ್ಟಿನ ಆದೇಶ ರದ್ದುಮಾಡಿತು. ಡೊಮೇನ್ ಹೆಸರು ಬರಿಯ ವಿಳಾಸವಲ್ಲ, ವ್ಯಾಪಾರದ ಗುರುತೂ ಹೌದು. ಅದಕ್ಕೆ ಪಾಸಿಂಗ್ ಆಫ್ ರಕ್ಷಣೆ ಅನ್ವಯಿಸುತ್ತದೆ ಎಂದಿತು. ಚಾನೆಲ್ ಹೆಸರು ಮತ್ತು ಹ್ಯಾಂಡಲ್ ಪರವಾಗಿ ವಾದಿಸುವವರಿಗೆ ಇದೇ ಗಟ್ಟಿ ಆಧಾರ.

ನಮ್ಮ ಉದಾಹರಣೆಗೆ ಮರಳಿದರೆ, 2024ರಲ್ಲಿ ‘ಸೌಟು ಸವಾರಿ ಅಫೀಷಿಯಲ್’ ಎಂಬ ಚಾನೆಲ್ ಕಾಣಿಸಿಕೊಂಡಿತು ಎನ್ನೋಣ. ದೂರು ಕೊಡುವ ಮೊದಲು ಸಾಕ್ಷ್ಯ ಕೂಡಿಡಬೇಕು, ಏಕೆಂದರೆ ದೂರಿನ ಸುಳಿವು ಸಿಕ್ಕೊಡನೆ ಎದುರಿನವರು ಹೆಸರನ್ನೂ ಹ್ಯಾಂಡಲನ್ನೂ ಬದಲಿಸಬಹುದು. ಬದಲಾಗದೆ ಉಳಿಯುವುದು ಚಾನೆಲ್ ಐಡಿ: UC ಎಂದು ಶುರುವಾಗುವ 24 ಅಕ್ಷರಗಳ ಸಾಲು. ಅದನ್ನು ಬರೆದಿಟ್ಟುಕೊಳ್ಳಬೇಕು. ದಿನಾಂಕ ಕಾಣುವ ಸ್ಕ್ರೀನ್‌ಶಾಟ್‌ಗಳು ಬೇಕು. ‘ಇದು ನಿಮ್ಮ ಎರಡನೇ ಚಾನೆಲ್ಲಾ ಅಕ್ಕಾ?’ ಎಂದು ವೀಕ್ಷಕರು ಕೇಳಿದ ಕಾಮೆಂಟ್ ಸಿಕ್ಕಿದರೆ ಅದು ಚಿನ್ನದಂಥ ಸಾಕ್ಷ್ಯ. ಜನ ನಿಜಕ್ಕೂ ಗೊಂದಲಕ್ಕೆ ಬಿದ್ದಿದ್ದಾರೆ ಎಂದು ಅದು ತೋರಿಸುತ್ತದೆ. ನ್ಯಾಯಾಲಯಕ್ಕೆ ಹೋಗುವಾಗ ಈ ಡಿಜಿಟಲ್ ದಾಖಲೆಗಳ ಜೊತೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಕೊಡಬೇಕಾಗುತ್ತದೆ.

ಬಳಿಕ ನಕಲಿನ ಬಗೆ ಯಾವುದೆಂದು ಗುರುತಿಸಬೇಕು, ಹೆಚ್ಚಿನವರು ಎಡವುವುದು ಇಲ್ಲೇ. ಆ ಚಾನೆಲ್ ಈಕೆಯ ವೀಡಿಯೊಗಳನ್ನೇ ಎತ್ತಿ ಹಾಕಿದ್ದರೆ ಅದು ಕೃತಿಸ್ವಾಮ್ಯದ ದೂರು, ಬೇಗ ಫಲ ಕೊಡುವುದೂ ಅದೇ. 90 ದಿನಗಳೊಳಗೆ ಮೂರು ಸ್ಟ್ರೈಕ್ ಬಿದ್ದರೆ ಚಾನೆಲ್ ಮುಚ್ಚಿಹೋಗಬಹುದು. ವೀಡಿಯೊ ತನ್ನದೇ, ಆದರೆ ಹೆಸರು, ಪ್ರೊಫೈಲ್ ಚಿತ್ರ, ಬ್ಯಾನರ್ ಎಲ್ಲ ಈಕೆಯದ್ದರಂತೆ ಮಾಡಿ ಈಕೆಯೇ ಎಂದು ನಂಬಿಸುತ್ತಿದ್ದರೆ ಅದು ಸೋಗು ಹಾಕುವಿಕೆ. ಅದಕ್ಕೆ ಯೂಟ್ಯೂಬ್‌ನಲ್ಲಿ ಪ್ರತ್ಯೇಕ ನಿಯಮವಿದೆ, ಟ್ರೇಡ್‌ಮಾರ್ಕ್ ನೋಂದಣಿ ಬೇಕಿಲ್ಲ. ಸ್ವಂತ ಮುಖ, ಸ್ವಂತ ವೀಡಿಯೊ, ಹೋಲುವ ಹೆಸರು ಮಾತ್ರ ಎಂದಾದಾಗಲೇ ಟ್ರೇಡ್‌ಮಾರ್ಕ್ ದೂರು.

ಟ್ರೇಡ್‌ಮಾರ್ಕ್ ದೂರಿನ ಮಿತಿ ತಿಳಿದಿರಬೇಕು. ಹೆಸರಿನ ವ್ಯಾಜ್ಯಗಳಲ್ಲಿ ತಾನು ಮಧ್ಯಸ್ಥಿಕೆ ವಹಿಸುವುದಿಲ್ಲ, ಉಲ್ಲಂಘನೆ ಸ್ಪಷ್ಟವಾಗಿದ್ದರೆ ಮಾತ್ರ ತೆಗೆಯುತ್ತೇನೆ ಎಂಬುದು ಯೂಟ್ಯೂಬ್‌ನ ನಿಲುವು. ಮೊದಲು ಎದುರಿನವರನ್ನೇ ಸಂಪರ್ಕಿಸಿ ಎಂದೂ ಅದು ಹೇಳುತ್ತದೆ. ನೋಂದಣಿ ಸಂಖ್ಯೆ ಕೈಯಲ್ಲಿದ್ದು, ಅದೇ ಬಗೆಯ ವೀಡಿಯೊಗಳಿಗೆ ಅದೇ ಹೆಸರು ಬಳಕೆಯಾಗಿದ್ದರೆ ದೂರು ಗೆಲ್ಲುವ ಸಾಧ್ಯತೆ ಹೆಚ್ಚು. ‘ಸೌಟಿನ ಸಂಚಾರ’ ಎಂಬ ಹೆಸರಿನ ಮೇಲೆ ದೂರಿದರೆ ಏನೂ ಆಗದಿರಬಹುದು.

ಎಲ್ಲ ಹೋಲಿಕೆಯೂ ತಪ್ಪಲ್ಲ ಎಂಬುದನ್ನೂ ಹೇಳಲೇಬೇಕು. ‘ಸೌಟುಸವಾರಿಯ ಬಿಸಿಬೇಳೆಬಾತ್ ಮಾಡಿ ನೋಡಿದೆ’ ಎಂದು ಇನ್ನೊಬ್ಬರು ವೀಡಿಯೊಗೆ ಶೀರ್ಷಿಕೆ ಕೊಟ್ಟರೆ ಅದು ಆ ಚಾನೆಲ್ಲನ್ನು ಕುರಿತ ಮಾತು, ಅದರ ಹೆಸರನ್ನು ಕದ್ದದ್ದಲ್ಲ. ತನ್ನ ಸ್ವಂತ ಹೆಸರನ್ನು ಪ್ರಾಮಾಣಿಕವಾಗಿ ಬಳಸುವವರಿಗೂ ಕಾಯ್ದೆ ರಕ್ಷಣೆ ಕೊಡುತ್ತದೆ. ಆಧಾರವಿಲ್ಲದೆ ಕಾನೂನು ಕ್ರಮದ ಬೆದರಿಕೆ ಹಾಕಿದರೆ ಬೆದರಿಕೆಗೆ ಒಳಗಾದವರೇ 142ನೇ ಕಲಮಿನಡಿ ದಾವೆ ಹೂಡಬಹುದು. ನೋಟಿಸಿನ ಧಾಟಿ ಆದಕಾರಣ ಅಳತೆಯಲ್ಲಿರಬೇಕು: ಹಕ್ಕು ಏನು, ಎಂದಿನಿಂದ, ಯಾವ ಬದಲಾವಣೆ ಬೇಕು, ಎಷ್ಟು ದಿನದೊಳಗೆ.

ನೋಟಿಸಿಗೆ ಮಣಿಯದಿದ್ದರೆ ನ್ಯಾಯಾಲಯ. ನೋಂದಣಿಯ ಅತಿ ದೊಡ್ಡ ಉಪಯೋಗ ಇಲ್ಲಿ ಕಾಣುತ್ತದೆ. ನೋಂದಾಯಿತ ಹೆಸರಿನ ಉಲ್ಲಂಘನೆಗೆ ದಾವೆಯನ್ನು ತಾನು ವಾಸಿಸುವ ಅಥವಾ ವ್ಯವಹಾರ ನಡೆಸುವ ಊರಿನ ವ್ಯಾಪ್ತಿಯಲ್ಲೇ ಹೂಡಲು 134ನೇ ಕಲಮು ಅವಕಾಶ ಕೊಡುತ್ತದೆ. ಎದುರಾಳಿ ಲಖನೌದಲ್ಲಿದ್ದರೂ ಹುಬ್ಬಳ್ಳಿಯ ಮಹಿಳೆ ಧಾರವಾಡ ಜಿಲ್ಲೆಯಲ್ಲೇ ದಾವೆ ಹೂಡಬಹುದು. ಪಾಸಿಂಗ್ ಆಫ್ ದಾವೆಗೆ ಈ ಸೌಲಭ್ಯವಿಲ್ಲ. ತುರ್ತು ತಡೆಯಾಜ್ಞೆ ಬೇಕಿಲ್ಲದ ವಾಣಿಜ್ಯ ದಾವೆಗಳಲ್ಲಿ ಮೊದಲು ಮಧ್ಯಸ್ಥಿಕೆಗೆ ಹೋಗುವುದು ಕಡ್ಡಾಯ. ಹೆಸರಿನ ನಕಲಿನಲ್ಲಿ ಸಾಮಾನ್ಯವಾಗಿ ತಡೆಯಾಜ್ಞೆಯೇ ಮುಖ್ಯವಾದ್ದರಿಂದ ನೇರವಾಗಿ ಅದನ್ನೇ ಕೇಳುತ್ತಾರೆ. ನಕಲನ್ನು ಕಂಡೂ ವರ್ಷಗಟ್ಟಲೆ ಸುಮ್ಮನಿದ್ದವರು ತುರ್ತು ಎಂದರೆ ನ್ಯಾಯಾಧೀಶರಿಗೆ ನಂಬಿಕೆ ಬರುವುದು ಕಷ್ಟ.

ನಡೆಸುವವರು ಯಾರೆಂದೇ ಗೊತ್ತಿಲ್ಲದಿದ್ದರೂ ದಾವೆ ನಿಲ್ಲುವುದಿಲ್ಲ. ಅಪರಿಚಿತ ಪ್ರತಿವಾದಿಗೆ ‘ಅಶೋಕ್ ಕುಮಾರ್’ ಎಂಬ ಹೆಸರಿಟ್ಟು ದಾವೆ ಹೂಡುವ ರೂಢಿ ನಮ್ಮ ನ್ಯಾಯಾಲಯಗಳಲ್ಲಿದೆ. ಗೂಗಲನ್ನೂ ಕಕ್ಷಿಯಾಗಿಸಿ, ಖಾತೆದಾರರ ವಿವರ ಕೊಡುವಂತೆ ಆದೇಶ ಕೇಳಬಹುದು. ದಾವೆ ಗೆದ್ದರೆ ತಡೆಯಾಜ್ಞೆಯ ಜೊತೆ ನಷ್ಟಪರಿಹಾರ, ಅಥವಾ ನಕಲಿಯವರು ಗಳಿಸಿದ ಲಾಭದ ಲೆಕ್ಕ, ಎರಡರಲ್ಲೊಂದು ಸಿಗುತ್ತದೆ. ಆದರೆ ಭಾರತದ ನೋಂದಣಿ ಭಾರತದೊಳಗೆ ಮಾತ್ರ ನಡೆಯುತ್ತದೆ. ಕೊಲ್ಲಿ ದೇಶಗಳಲ್ಲೋ ಅಮೆರಿಕದಲ್ಲೋ ಕುಳಿತು ಅಲ್ಲಿನ ಕನ್ನಡಿಗರಿಗೆಂದು ಅದೇ ಹೆಸರಲ್ಲಿ ಚಾನೆಲ್ ನಡೆಸುವವರನ್ನು ಅಲ್ಲಿ ತಡೆಯಬೇಕಾದರೆ ಆ ದೇಶದಲ್ಲೂ ಹಕ್ಕು ಬೇಕು. ಭಾರತ 2013ರಲ್ಲಿ ಮ್ಯಾಡ್ರಿಡ್ ಒಪ್ಪಂದ ಸೇರಿದ ಮೇಲೆ, ಇಲ್ಲಿನ ಅರ್ಜಿಯ ಆಧಾರದಲ್ಲಿ ಆ ಒಪ್ಪಂದದ ಸದಸ್ಯ ದೇಶಗಳಿಗೆ ಒಂದೇ ಅರ್ಜಿ ಹಾಕಬಹುದಾಗಿದೆ.

ರಾಜಿಯಾಗುವುದಾದರೆ ಪತ್ರದಲ್ಲಿ ‘ಹೆಸರು ಬದಲಿಸುತ್ತೇವೆ’ ಎಂದಷ್ಟೇ ಬರೆಸಿಕೊಂಡರೆ ಸಾಲದು. ಯಾವ ಹೊಸ ಹೆಸರು, ಯಾವ ದಿನದೊಳಗೆ, ಹಳೆಯ ವೀಡಿಯೊಗಳ ಶೀರ್ಷಿಕೆ ಮತ್ತು ಟ್ಯಾಗ್‌ಗಳಿಂದಲೂ ಹಳೆಯ ಹೆಸರು ಹೋಗಬೇಕೇ, ಇನ್‌ಸ್ಟಾಗ್ರಾಮ್, ಫೇಸ್‌ಬುಕ್ ಪುಟಗಳೂ ಸೇರಿವೆಯೇ, ಇವೆಲ್ಲ ಅದರಲ್ಲಿ ಬರಬೇಕು. ಹ್ಯಾಂಡಲ್ ಬಗ್ಗೆ ಬೇರೆಯೇ ಸಾಲು ಬೇಕು: ಹ್ಯಾಂಡಲ್ ಬದಲಿಸಿದವರು ಹಳೆಯದಕ್ಕೆ ಮರಳಲು ಯೂಟ್ಯೂಬ್ 14 ದಿನ ಅದನ್ನು ಕಾದಿರಿಸುತ್ತದೆ, ಆ ಬಳಿಕ ಅದು ಯಾರಿಗೂ ಸಿಗುವಂತಾಗುತ್ತದೆ. ಹದಿನೈದನೇ ದಿನ ನಿಜವಾದ ಚಾನೆಲ್‌ನವರೇ ಅದನ್ನು ತೆಗೆದುಕೊಳ್ಳದಿದ್ದರೆ ಮೂರನೆಯವರೊಬ್ಬರು ಅದರೊಂದಿಗೆ ಹಾಜರಾಗಬಹುದು.